ಬಾರದ ಹಣದ ಮಾತು ಮೊದಲು

ಮಿರಗದ ಮಳೆ ಹದವಾಗಿ ಬಿದ್ದು, ಬೀದರಿನಿಂದ ಔರಾದಿನ ಕಡೆಗೆ ಸಾಗುವ ಹೆದ್ದಾರಿಯ ಆಚೀಚೆಯ ಹೊಲಗಳಲ್ಲಿ ಸೋಯಾ, ಹೆಸರು, ಉದ್ದು, ತೊಗರಿಗಳ ಬಿತ್ತನೆ ಮುಗಿಯುತ್ತ ಬಂದಾಗ, ಸಂತಪುರ ಹೋಬಳಿಯ ಹಳ್ಳಿಗಳಲ್ಲಿ ಇನ್ನೊಂದು ವ್ಯವಹಾರಕ್ಕೆ ಕಾಲ ಕೂಡಿಬರುತ್ತದೆ. ಅದು ಬೆಳೆ ವಿಮೆಯ ಕಂತು ಕಟ್ಟಿಸುವ ವ್ಯವಹಾರ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿ, ಗ್ರಾಮ ಒನ್ ಕೇಂದ್ರದಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿರುವ ತರುಣ, ಬ್ಯಾಂಕಿನ ಗುಮಾಸ್ತ, ಇವರಲ್ಲಿ ಯಾರಾದರೊಬ್ಬರು ರೈತನನ್ನು ಕರೆದು, ಜುಲೈ ತಿಂಗಳು ಮುಗಿಯುವ ಮೊದಲೇ ಹಣ ತುಂಬಬೇಕೆಂದು ಹೇಳುತ್ತಾರೆ. ಅದಕ್ಕೆ ಬಹುಮಟ್ಟಿಗೆ ದೊರೆಯುವ ಉತ್ತರ ಒಂದೇ: “ರೊಕ್ಕ ತುಂಬೋದು ನಮಗ ಗೊತ್ತದರೀ, ಬರೋದು ಯಾರಿಗ್ಗೊತ್ತದ?”

ಈ ಮಾತಿನಲ್ಲಿ ಅಜ್ಞಾನವನ್ನು ಕಾಣುವುದು ವಿಮೆ ಮಾರುವವರ ಹಳೆಯ ರೂಢಿ. ರೈತನಿಗೆ ವಿಮೆಯ ಮಹತ್ತ್ವ ತಿಳಿಯದು, ತಿಳಿಸಿಕೊಟ್ಟರೆ ಕೊಳ್ಳುವನು ಎಂಬುದು ಅವರ ನಂಬಿಕೆ. ನನಗಾದರೋ ಆ ಪ್ರಶ್ನೆ ಅತ್ಯಂತ ವಿವೇಕದ ಪ್ರಶ್ನೆಯೆಂದೇ ತೋರುತ್ತದೆ. ಹಣವನ್ನು ಇಂದು ಕೊಟ್ಟು, ಮುಂದೆಂದೋ ಒಂದು ದಿನ ಕಷ್ಟ ಬಂದರೆ ಈಡೇರತಕ್ಕ ಒಂದು ವಚನವನ್ನು ಮಾತ್ರ ಕೈಗೆ ಪಡೆಯುವವನು, ಆ ವಚನ ಯಾವಾಗ ಈಡೇರುತ್ತದೆ, ಯಾವಾಗ ಈಡೇರುವುದಿಲ್ಲ ಎಂದು ಕೇಳದೆ ಇನ್ನೇನನ್ನು ಕೇಳಬೇಕು? ಆ ಪ್ರಶ್ನೆಗೆ ಪೂರ್ಣವಾದ ಉತ್ತರ ಕೊಡಬಲ್ಲವನೇ ನಿಜವಾದ ಮಾರಾಟಗಾರ. ಉಳಿದವರು ಕಂತು ವಸೂಲು ಮಾಡುವವರು.

ಅವಿಶ್ವಾಸಕ್ಕೆ ಒಂದು ಚರಿತ್ರೆ ಇದೆ. 1985ರಲ್ಲಿ ದೇಶವ್ಯಾಪಿಯಾಗಿ ಬೆಳೆ ವಿಮೆ ಆರಂಭವಾದಾಗಿನಿಂದ, 1999ರ ಹಿಂಗಾರಿನಲ್ಲಿ ಬಂದ ರಾಷ್ಟ್ರೀಯ ಕೃಷಿ ವಿಮಾ ಯೋಜನೆಯ ಕಾಲದಲ್ಲಿಯೂ, 2016ರ ಮುಂಗಾರಿನಿಂದ ಜಾರಿಗೆ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ಮೊದಲ ವರ್ಷಗಳಲ್ಲಿಯೂ, ವಿಮೆಗೆ ಗೊತ್ತುಪಡಿಸಿದ ಬೆಳೆಗೆ ಸಾಲ ತೆಗೆದ ರೈತನಿಗೆ ವಿಮೆ ಕಡ್ಡಾಯವಾಗಿತ್ತು. ಸೊಸೈಟಿಯಲ್ಲಿ ಬೆಳೆ ಸಾಲ ಮಂಜೂರಾಗುವಾಗಲೇ ಕಂತಿನ ಹಣ ಮುರಿದುಕೊಳ್ಳಲ್ಪಡುತ್ತಿತ್ತು. ಯಾವ ಬೆಳೆಗೆ, ಎಷ್ಟು ಎಕರೆಗೆ, ಯಾವ ಕಂಪನಿಗೆ ಎಂಬ ವಿವರ ರೈತನಿಗೆ ತಿಳಿಯಲೇಬೇಕೆಂಬ ಅಗತ್ಯ ಆ ವ್ಯವಸ್ಥೆಯಲ್ಲಿ ಇರಲಿಲ್ಲ. 2020ರ ಮುಂಗಾರಿನಿಂದ ಕಡ್ಡಾಯ ಹೋಯಿತು. ಸಾಲಗಾರ ರೈತ ಕೊನೆಯ ದಿನಾಂಕಕ್ಕೆ ಏಳು ದಿನ ಮೊದಲು ತನಗೆ ಬೇಡವೆಂದು ಬರೆದುಕೊಟ್ಟರೆ ಕಂತನ್ನು ಮುರಿಯುವಂತಿಲ್ಲ. ಹೀಗಾಗಿ ಮೂರೂವರೆ ದಶಕಗಳ ಕಾಲ ವಿಮೆಯೊಳಗೆ ಇದ್ದವನೂ ವಿಮೆಯನ್ನು ತಾನಾಗಿ ಕೊಳ್ಳುವ ಸಂದರ್ಭಕ್ಕೆ ಬಂದದ್ದು ಆ ವರ್ಷದಿಂದಲೇ. ಕೊಳ್ಳುವುದರಲ್ಲಿ ಹೊಸಬ, ಕಳೆದುಕೊಂಡ ನೆನಪಿನಲ್ಲಿ ಹಳಬ. ಮಾರುವವನ ಎದುರಿಗೆ ನಿಂತಿರುವ ವ್ಯಕ್ತಿ ಇಂಥವನು.

ಇಂಥವನಿಗೆ “ಬೆಳಿ ಹಾಳಾದ್ರ ರೊಕ್ಕ ಬರ್ತದ” ಎಂಬ ಮಾತನ್ನು ಹೇಳಿ ಕಂತು ಕಟ್ಟಿಸಿಕೊಳ್ಳುವುದು ಸುಲಭದ ದಾರಿ. ಮಾತು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಆದರೆ ಎಲ್ಲಕ್ಕಿಂತ ಮುಖ್ಯವಾದ ಒಂದು ಪದವನ್ನು ಅದು ನುಂಗಿಕೊಂಡಿದೆ. ಯಾರ ಬೆಳೆ? ಈ ವಿಮೆಯ ಮುಖ್ಯ ರಕ್ಷಣೆ ಒಬ್ಬೊಬ್ಬ ರೈತನ ಹೊಲವನ್ನು ನೋಡುವುದಿಲ್ಲ. ಒಂದು ಪ್ರದೇಶವನ್ನು ಒಟ್ಟಾಗಿ ನೋಡುತ್ತದೆ. ಆ ಪ್ರದೇಶಕ್ಕೆ ವಿಮಾ ಘಟಕವೆಂದು ಹೆಸರು. ಕರ್ನಾಟಕದಲ್ಲಿ ಒಂದು ಭಾಗದ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೂ, ಇತರ ಬೆಳೆಗಳಿಗೆ ಹೋಬಳಿಯೂ ಘಟಕವಾಗಿರುತ್ತವೆ. ಅಂದರೆ ಹೋಬಳಿ ಮಟ್ಟಕ್ಕೆ ಸೇರಿದ ಬೆಳೆಯ ವಿಷಯದಲ್ಲಿ ಸಂತಪುರ ಹೋಬಳಿಯ ಎಲ್ಲ ಹಳ್ಳಿಗಳ ಎಲ್ಲ ಹೊಲಗಳೂ ಸೇರಿ ಒಂದೇ ಹೊಲವಾಗಿ ಎಣಿಕೆಗೆ ಬರುತ್ತವೆ. ಒಬ್ಬ ರೈತನ ಎರಡೆಕರೆ ಒಣಗಿ ಬೂದಿಯಾದರೂ ಪಂಚಾಯಿತಿಯ ಸರಾಸರಿ ಚೆನ್ನಾಗಿದ್ದರೆ ಅವನಿಗೆ ಬಿಡಿಗಾಸೂ ಬಾರದು. ಕಂತು ಕಟ್ಟುವ ದಿನ ಈ ಮಾತನ್ನು ಹೇಳದೆ ಬಿಟ್ಟರೆ, ಅದನ್ನು ರೈತ ತಿಳಿಯುವುದು ಬೆಳೆ ಹೋದ ಮೇಲೆ. ಹಾಗೆ ತಿಳಿದವನು ತನ್ನೊಬ್ಬನ ಪಾಲಿಗೆ ಮಾತ್ರವಲ್ಲದೆ ತನ್ನ ಓಣಿಯ ಪಾಲಿಗೆಲ್ಲ ವಿಮೆಯನ್ನು ಮೋಸವೆಂದು ತೀರ್ಮಾನಿಸುತ್ತಾನೆ.

ಒಂದು ಲೆಕ್ಕವನ್ನು ಪೂರ್ತಿಯಾಗಿ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗಾಗಿ ತೆಗೆದುಕೊಂಡವು. ಪ್ರತಿ ಹಂಗಾಮಿನಲ್ಲಿಯೂ ಜಿಲ್ಲೆ, ಬೆಳೆಗಳಿಗೆ ತಕ್ಕಂತೆ ಸರಕಾರದ ಅಧಿಸೂಚನೆ ಬೇರೆ ಬೇರೆ ಅಂಕಿಗಳನ್ನು ಕೊಡುತ್ತದೆ. ಸೋಯಾ ಬೆಳೆಗೆ ವಿಮಾ ಮೊತ್ತ ಹೆಕ್ಟೇರಿಗೆ 40,000 ರೂಪಾಯಿ ಎಂದಿಟ್ಟುಕೊಂಡರೆ ಎಕರೆಗೆ ಸುಮಾರು 16,000 ಆಗುತ್ತದೆ. ಮುಂಗಾರಿನ ಆಹಾರಧಾನ್ಯ, ಬೇಳೆಕಾಳು ಮತ್ತು ಎಣ್ಣೆಕಾಳುಗಳಿಗೆ ರೈತ ಕೊಡಬೇಕಾದುದು ನೂರಕ್ಕೆ ಎರಡರಷ್ಟು. ಆದುದರಿಂದ ಎಕರೆಗೆ 320 ರೂಪಾಯಿ. ಕಂಪನಿ ಕೇಳುವ ನಿಜವಾದ ದರ ಅದಕ್ಕಿಂತ ಹೆಚ್ಚಾಗಿದ್ದರೆ ಉಳಿದುದನ್ನು ಕೇಂದ್ರ ಮತ್ತು ರಾಜ್ಯ ಸರಕಾರಗಳು ಹಂಚಿಕೊಂಡು ಭರಿಸುತ್ತವೆ.

ಈಗ ಹಣ ಯಾವಾಗ ಬರುತ್ತದೆ ಎಂಬ ಪ್ರಶ್ನೆ. ಒಂದು ಪಂಚಾಯಿತಿಯಲ್ಲಿ ಹಿಂದಿನ ಏಳು ವರ್ಷಗಳ ಸೋಯಾ ಇಳುವರಿ ಹೆಕ್ಟೇರಿಗೆ ಕಿಲೋ ಲೆಕ್ಕದಲ್ಲಿ 1100, 950, 600, 1050, 400, 900, 1000 ಎಂದಿರಲಿ. ಇವುಗಳಲ್ಲಿ ಅತ್ಯುತ್ತಮವಾದ ಐದು ವರ್ಷಗಳನ್ನು ಮಾತ್ರ ಹಿಡಿಯಬೇಕು. 600 ಮತ್ತು 400ರ ಕೆಟ್ಟ ವರ್ಷಗಳು ಬಿಟ್ಟುಹೋಗುತ್ತವೆ, ಉಳಿದವುಗಳ ಸರಾಸರಿ 1000. ಅಧಿಸೂಚನೆಯಲ್ಲಿ ಆ ಬೆಳೆಗೆ ನಿಗದಿಯಾದ ನಷ್ಟಭರ್ತಿಯ ಮಟ್ಟ ನೂರಕ್ಕೆ ಎಂಬತ್ತಾದರೆ ಖಾತರಿ ಇಳುವರಿ 800 ಕಿಲೋ. ಈ ವರ್ಷ ಪಂಚಾಯಿತಿಯ ಸರಾಸರಿ 500ಕ್ಕೆ ಇಳಿಯಿತೆನ್ನೋಣ. ಕೊರತೆ 300 ಕಿಲೋ. 800ರಲ್ಲಿ 300 ಎಂದರೆ ನೂರಕ್ಕೆ ಮೂವತ್ತೇಳೂವರೆ. 16,000ದಲ್ಲಿ ಅಷ್ಟು ಪಾಲು 6,000 ರೂಪಾಯಿ. 320 ಕಟ್ಟಿದವನಿಗೆ ಎಕರೆಗೆ 6,000 ಬಂತು. ಇದೇ ಪಂಚಾಯಿತಿಯ ಸರಾಸರಿ 820 ಆಗಿದ್ದರೆ, ತಗ್ಗಿನ ಹೊಲದಲ್ಲಿ ನೀರು ನಿಂತು ಬೇರು ಕೊಳೆತು 200 ಕಿಲೋ ಮಾತ್ರ ಕಂಡ ರೈತನಿಗೂ ಈ ಲೆಕ್ಕದಲ್ಲಿ ಏನೂ ಇಲ್ಲ. ಅದಕ್ಕೆ ವಿರುದ್ಧವಾಗಿ ಪಂಚಾಯಿತಿ 500ಕ್ಕೆ ಇಳಿದು, ಬಾವಿಯ ನೀರು ಹಾಯಿಸಿ 900 ಬೆಳೆದವನಿಗೆ ಅದೇ 6,000 ಬರುತ್ತದೆ. ಈ ಮೂರೂ ಸಂಗತಿಗಳನ್ನು ಒಟ್ಟಿಗೆ ಕೇಳಿದಾಗಲೇ ರೈತನಿಗೆ ನಿಯಮದ ಆಕಾರ ಕಣ್ಣಿಗೆ ಕಟ್ಟುತ್ತದೆ. ಒಂದನ್ನೇ ಕೇಳಿದರೆ ಅದು ಅದೃಷ್ಟವೆಂದೋ ಅನ್ಯಾಯವೆಂದೋ ತೋರುತ್ತದೆ.

ಆ ಸರಾಸರಿಯನ್ನು ಅಳೆಯುವ ಬಗೆಯನ್ನೂ ಹೇಳಬೇಕು, ಏಕೆಂದರೆ ಸಂಶಯ ಬಹಳಷ್ಟು ಅಲ್ಲಿಯೇ ಬೇರೂರಿದೆ. ಕಚೇರಿಯಲ್ಲಿ ಕುಳಿತವರು ಅಂದಾಜಿನಲ್ಲಿ ಬರೆದುಕೊಳ್ಳುತ್ತಾರೆಂದು ಅನೇಕರು ಭಾವಿಸಿರುತ್ತಾರೆ. ನಿಯಮದಂತೆ ಪಂಚಾಯಿತಿ ಘಟಕದ ಮುಖ್ಯ ಬೆಳೆಗೆ ಕನಿಷ್ಠ ನಾಲ್ಕು ಹೊಲಗಳಲ್ಲಿ ಬೆಳೆ ಕಟಾವು ಪ್ರಯೋಗ ನಡೆಯಬೇಕು. ಹೊಲದ ಆಯ್ಕೆ ಯಾರ ಇಚ್ಛೆಗೂ ಸೇರಿದ್ದಲ್ಲ, ಚೀಟಿ ಎತ್ತಿದಂತೆ ಯಾದೃಚ್ಛಿಕವಾದುದು. ಸಾಮಾನ್ಯವಾಗಿ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕವನ್ನು ಹಗ್ಗ ಹಿಡಿದು ಗುರುತಿಸಿ, ಅದರೊಳಗಿನ ಬೆಳೆಯನ್ನು ಮಾತ್ರ ಕೊಯ್ದು, ಬಡಿದು, ತೂಗುತ್ತಾರೆ. ಮೇಲಿನ ಉದಾಹರಣೆಯ 800 ಕಿಲೋ ಎಂದರೆ ಆ ಚೌಕದಲ್ಲಿ ಸರಿಯಾಗಿ ಎರಡು ಕಿಲೋ ಒಣಗಿದ ಕಾಳು. 500 ಕಿಲೋ ಎಂದರೆ ಒಂದೂಕಾಲು ಕಿಲೋ. ಈ ಎರಡು ಕಿಲೋದ ಲೆಕ್ಕ ಗೊತ್ತಿರುವ ರೈತ, ತಕ್ಕಡಿ ಏರುವಾಗ ಪಕ್ಕದಲ್ಲಿ ನಿಂತಿದ್ದರೆ, ಈ ಸಲ ಹಣ ಬರುವ ಸಂಭವ ಇದೆಯೇ ಇಲ್ಲವೇ ಎಂಬುದನ್ನು ತಾನೇ ಊಹಿಸಿಕೊಳ್ಳಬಲ್ಲನು. ಅಷ್ಟು ತಿಳಿವಳಿಕೆಯನ್ನು ಕೊಟ್ಟು ಮಾರಿದ ವಿಮೆಗೆ ಮತ್ತಾವ ಶಿಫಾರಸೂ ಬೇಕಾಗದು.

ಹಾಗಾದರೆ ಮಾತು ಹೇಗೆ ಆರಂಭವಾಗಬೇಕು? ಸೊಸೈಟಿಯ ಕಟ್ಟೆಯ ಮೇಲೆ ನಡೆಯಬಹುದಾದ ಸಂಭಾಷಣೆಯೊಂದನ್ನು ಕಲ್ಪಿಸಿಕೊಳ್ಳಬಹುದು.

“ಕಾಕಾ, ಮೊದಲ ರೊಕ್ಕ ಯಾವಾಗ ಬರಂಗಿಲ್ಲ ಅದನ್ನ ಹೇಳ್ತೀನಿ, ಆಮ್ಯಾಲ ಬರೋದು ಹೇಳ್ತೀನಿ” ಎಂದು ಕಾರ್ಯದರ್ಶಿ ಶುರುಮಾಡುತ್ತಾನೆ. “ನಿಮ್ಮ ಒಬ್ಬರ ಹೊಲ ಹೋದ್ರ ಬರಂಗಿಲ್ಲ. ಪಂಚಾಯಿತಿ ತುಂಬ ಬೆಳಿ ಇಳೀಬೇಕು.”

“ಮತ್ತ ನಂದು ಒಬ್ಬಂದೇ ಹೋದ್ರ?”

“ಆನೆಕಲ್ಲು ಬಿದ್ದು ಹೋದ್ರ, ಹೊಲದಾಗ ನೀರು ನಿಂತು ಹೋದ್ರ, ನಿಮ್ಮ ಹೊಲಾನೇ ನೋಡ್ತಾರ. ಆದ್ರ ಮೂರು ದಿನದಾಗ ತಿಳಿಸಬೇಕು. ಮಳಿ ಇಲ್ದೆ ಒಣಗಿದ್ರ, ಹುಳ ಬಿದ್ರ ಒಬ್ಬರದು ನೋಡಂಗಿಲ್ಲ.”

ಮೇಲ್ನೋಟಕ್ಕೆ ಇದು ಗಿರಾಕಿಯನ್ನು ಓಡಿಸುವ ಮಾತಿನಂತೆ ಕಾಣುತ್ತದೆ. ಆದರೆ ರೈತನ ಮನಸ್ಸಿನಲ್ಲಿ ಆಗಲೇ ಕುಳಿತಿರುವ ಆಕ್ಷೇಪ ಇದೇ. ಕಳೆದ ಸಲ ಪಕ್ಕದ ಪಂಚಾಯಿತಿಗೆ ಬಂದು ತಮಗೆ ಬಾರದೆ ಹೋದ ಹಣದ ಕಥೆ ಅವನಿಗೆ ಗೊತ್ತಿದೆ. ಆಡದೆ ಉಳಿದ ಆಕ್ಷೇಪಕ್ಕೆ ಸಮಾಧಾನ ಹೇಳಲು ಯಾರಿಂದಲೂ ಆಗದು. ಮಾರುವವನೇ ಅದನ್ನು ಮೊದಲು ಎತ್ತಿದಾಗ, ಮುಂದೆ ಅವನು ಆಡುವ ಅನುಕೂಲದ ಮಾತುಗಳಿಗೂ ಕೇಳುಗನ ಕಿವಿ ತೆರೆಯುತ್ತದೆ. ಕಂತು 320 ಎಂಬ ಮಾತನ್ನು ಅದರ ನಂತರ ಹೇಳಬೇಕು, ಮೊದಲಲ್ಲ.

ವಿವರಣೆಯೊಂದೇ ಸಾಲದೆಂಬುದಕ್ಕೆ ನಮ್ಮ ಸೀಮೆಯ ಸಮೀಪದಲ್ಲಿಯೇ ನಡೆದ ಒಂದು ಪರೀಕ್ಷೆ ಸಾಕ್ಷಿಯಾಗಿದೆ. ರಾಯಚೂರು ಸೀಮೆಗೆ ಅಂಟಿಕೊಂಡಿದ್ದ ಮಹಬೂಬನಗರ ಜಿಲ್ಲೆಯಲ್ಲಿಯೂ ಅನಂತಪುರ ಜಿಲ್ಲೆಯಲ್ಲಿಯೂ 2006ರಲ್ಲಿ ಮಳೆಯ ಪ್ರಮಾಣವನ್ನು ಆಧರಿಸಿದ ವಿಮೆಯನ್ನು ಬೇಸಿಕ್ಸ್ ಎಂಬ ಕಿರುಹಣಕಾಸು ಸಂಸ್ಥೆ ಮಾರುತ್ತಿತ್ತು. ಶಾನ್ ಕೋಲ್, ಝೇವಿಯರ್ ಜಿನೆ ಮತ್ತು ಅವರ ಸಂಗಡಿಗರಾದ ಅರ್ಥಶಾಸ್ತ್ರಜ್ಞರು ಮನೆಮನೆಗೆ ಪ್ರತಿನಿಧಿಗಳನ್ನು ಕಳುಹಿಸಿ, ಕೆಲವು ಮನೆಗಳಲ್ಲಿ ವಿಮೆಯ ಪಾಠವನ್ನು ಹೆಚ್ಚಾಗಿ ಹೇಳಿಸಿದರು. ಕೆಲವು ಮನೆಗಳಲ್ಲಿ ಊರಿನವರಿಗೆ ಪರಿಚಿತನಾದ ಬೇಸಿಕ್ಸ್ ಕಾರ್ಯಕರ್ತನಿಂದ ಆ ಪ್ರತಿನಿಧಿಯನ್ನು ಪರಿಚಯ ಮಾಡಿಸಿದರು. ಕೆಲವರ ಕೈಗೆ 25, ಕೆಲವರ ಕೈಗೆ 100 ರೂಪಾಯಿಯನ್ನು ಭೇಟಿಯ ಪ್ರತಿಫಲವಾಗಿ ಕೊಟ್ಟರು. 2013ರಲ್ಲಿ ಪ್ರಕಟವಾದ ಅವರ ಫಲಿತಾಂಶ ಹೀಗಿದೆ: ಹೆಚ್ಚಿನ ಪಾಠದಿಂದ ಕೊಳ್ಳುವವರ ಸಂಖ್ಯೆಯಲ್ಲಿ ಗಣನೀಯ ವ್ಯತ್ಯಾಸವಾಗಲಿಲ್ಲ. ಪರಿಚಿತನು ಪರಿಚಯಿಸಿದಲ್ಲಿ ಸ್ಪಷ್ಟವಾಗಿ ಹೆಚ್ಚಿತು. ಆದರೆ ಆ ಸಂಸ್ಥೆಯನ್ನು ಮೊದಲೇ ಬಲ್ಲ ಮನೆಗಳಲ್ಲಿ ಮಾತ್ರ, ಅರಿಯದವರಲ್ಲಿ ಪರಿಚಯದಿಂದ ಏನೂ ಆಗಲಿಲ್ಲ. ನೂರು ರೂಪಾಯಿ ಕೈಗೆ ಬಂದವರು ಎಲ್ಲರಿಗಿಂತ ಹೆಚ್ಚಾಗಿ ಕೊಂಡರು.

ಕೊನೆಯ ಸಂಗತಿ ನಮ್ಮ ಭಾಗದವರು ಗಮನಿಸಬೇಕಾದುದು. ಬಿತ್ತನೆಯ ತಿಂಗಳಲ್ಲಿ ಬೀಜ, ಗೊಬ್ಬರ, ಆಳಿನ ಕೂಲಿಗೆಂದು ಕೈ ಬರಿದಾಗಿರುವ ರೈತ “ನಂಬಿಕೆ ಇಲ್ಲ” ಎಂದಾಗ, ಅರ್ಧದಷ್ಟು ಸಲ ಅವನು ಹೇಳುತ್ತಿರುವುದು “ಈಗ ರೊಕ್ಕ ಇಲ್ಲ” ಎಂಬುದನ್ನೇ ಇರಬಹುದು. ಬಡತನವನ್ನು ಒಪ್ಪಿಕೊಳ್ಳುವುದಕ್ಕಿಂತ ಅವಿಶ್ವಾಸವನ್ನು ಹೇಳುವುದರಲ್ಲಿ ಮರ್ಯಾದೆ ಇದೆ. ಅಂಥವನೊಡನೆ ವಾದಿಸುತ್ತ ಕೂರುವ ಮಾರಾಟಗಾರ ಕೇಳದ ಪ್ರಶ್ನೆಗೆ ಉತ್ತರ ಹೇಳುತ್ತಿರುತ್ತಾನೆ. ಬೆಳೆ ಸಾಲದ ಹಣ ಕೈಸೇರುವ ದಿನವೇ, ರೈತನ ಸಮ್ಮತಿ ಪಡೆದು, ಲೆಕ್ಕ ತೋರಿಸಿ ಕಂತು ಕಟ್ಟಿಸುವುದಕ್ಕೂ, ಹಿಂದಿನ ಕಾಲದಲ್ಲಿ ತಿಳಿಸದೆ ಮುರಿದುಕೊಂಡದ್ದಕ್ಕೂ ಹಣದ ದೃಷ್ಟಿಯಿಂದ ವ್ಯತ್ಯಾಸವಿಲ್ಲ, ಮನುಷ್ಯ ಸಂಬಂಧದ ದೃಷ್ಟಿಯಿಂದ ಭೂಮಿ ಆಕಾಶಗಳ ಅಂತರವಿದೆ.

ಅವಿಶ್ವಾಸಕ್ಕೆ ಮಾರುವವನ ಲಾಭದ ಶಂಕೆಯೂ ಒಂದು ಕಾರಣ. ಕಮಿಶನ್ನಿನ ಆಸೆ ಸಲಹೆಯನ್ನು ಹೇಗೆ ಬಾಗಿಸುತ್ತದೆಂಬುದನ್ನು ಜೀವ ವಿಮೆಯ ಕ್ಷೇತ್ರದಲ್ಲಿ ಇದೇ ಕೋಲ್, ಸಂತೋಷ್ ಅನಾಗೋಲ್ ಮತ್ತು ಶಾಯಕ್ ಸರ್ಕಾರರು ಪರೀಕ್ಷಿಸಿದ್ದಾರೆ. ಗಿರಾಕಿಗಳ ವೇಷದಲ್ಲಿ ಏಜೆಂಟರ ಬಳಿಗೆ ಹೋದವರಿಗೆ, ಅವರ ಅಗತ್ಯಕ್ಕೆ ಕಡಿಮೆ ಕಂತಿನ ಅವಧಿ ವಿಮೆಯೇ ತಕ್ಕದ್ದಾಗಿದ್ದರೂ, ಹೆಚ್ಚು ಕಮಿಶನ್ ತರುವ ಪಾಲಿಸಿಯನ್ನೇ ಬಹುಮಂದಿ ಏಜೆಂಟರು ಸೂಚಿಸಿದರು. ಬೆಳೆ ವಿಮೆಯಲ್ಲಿ ಆ ಸೆಳೆತ ಕಡಿಮೆ. ಕೇಂದ್ರಗಳಲ್ಲಿ ಅರ್ಜಿ ತುಂಬಿಕೊಡುವವರಿಗೆ ಸಂಭಾವನೆ ಕೊಡುವುದು ವಿಮಾ ಕಂಪನಿ. ರೈತ ಕೊಡಬೇಕಾದುದು ಕಂತಿನ ಹಣ ಮಾತ್ರ. ಅರ್ಜಿಯ ಖರ್ಚೆಂದು ಅದರ ಮೇಲೆ ಐವತ್ತೋ ನೂರೋ ಕೇಳುವವನಿದ್ದರೆ ಅವನನ್ನು ಕುರಿತ ಅವಿಶ್ವಾಸ ನ್ಯಾಯವಾದುದು.

ಇಷ್ಟಾದ ಮೇಲೂ ಹಣ ತಪ್ಪುವ ದಾರಿಗಳಿವೆ. ಅವು ಹವೆಯಿಂದಲ್ಲ, ಕಾಗದದಿಂದ ಹುಟ್ಟುತ್ತವೆ. ನಮ್ಮ ರಾಜ್ಯದಲ್ಲಿ ರೈತ ವಿಮೆ ಮಾಡಿಸಿದ ಬೆಳೆಯನ್ನು ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೊಡನೆ ತಾಳೆ ನೋಡುತ್ತಾರೆ. ಔರಾದಿನ ಕಡೆ ಸೋಯಾದ ಸಾಲುಗಳ ನಡುವೆ ತೊಗರಿಯ ಅಕ್ಕಡಿ ಹಾಕುವುದು ವಾಡಿಕೆ. ಕಂತು ಸೋಯಾದ ಹೆಸರಿನಲ್ಲಿ ಕಟ್ಟಿ, ಸಮೀಕ್ಷೆಗೆ ಬಂದವನು ಎತ್ತರವಾಗಿ ಕಾಣುವ ತೊಗರಿಯನ್ನು ಮಾತ್ರ ಫೋಟೋ ತೆಗೆದು ಬರೆದುಕೊಂಡರೆ, ಎರಡೂ ದಾಖಲೆಗಳು ಹೊಂದದೆ ಅರ್ಜಿ ತಿರಸ್ಕೃತವಾಗಬಹುದು. ಇನ್ನೊಂದು ತೊಡಕು ಖಾತೆಯದು: ಪರಿಹಾರ ಜಮೆಯಾಗುವುದು ಆಧಾರ್ ಜೋಡಣೆಯಾದ ಖಾತೆಗೆ; ಎರಡು ಬ್ಯಾಂಕುಗಳಲ್ಲಿ ಖಾತೆಯಿದ್ದವನು ತಾನು ನೋಡುವ ಪಾಸ್‌ಬುಕ್ಕಿನಲ್ಲಿ ಹಣ ಕಾಣದೆ ಮೋಸವಾಯಿತೆಂದು ತಿಳಿಯುವುದುಂಟು, ಹಣವೇನೋ ಇನ್ನೊಂದರಲ್ಲಿ ಬಿದ್ದಿರುತ್ತದೆ. ಆದುದರಿಂದ ಪ್ರಾಮಾಣಿಕನಾದ ಕಾರ್ಯದರ್ಶಿ ಕಂತು ಕಟ್ಟಿಸಿಕೊಂಡ ದಿನವೇ ರಸೀದಿಯನ್ನು ಓದಿ ಹೇಳಬೇಕು: ಸರ್ವೆ ನಂಬರು ಪಹಣಿಯದೇ, ಬೆಳೆಯ ಹೆಸರು ಹೊಲದಲ್ಲಿರುವುದೇ, ಎಕರೆ ಗುಂಟೆ ಸರಿಯೇ ಎಂದು. ರಾಜ್ಯದ ಸಂರಕ್ಷಣೆ ಎಂಬ ಜಾಲತಾಣದಲ್ಲಿ ಅರ್ಜಿಯ ಸಂಖ್ಯೆಯಿಂದ ಅದರ ಸ್ಥಿತಿಯನ್ನು ಯಾರು ಬೇಕಾದರೂ ನೋಡಬಹುದು. ಬೆಳೆ ಸಮೀಕ್ಷೆಯ ಸಮಯದಲ್ಲಿ ಹೊಲಕ್ಕೆ ಹೋಗಿ ಎರಡೂ ಬೆಳೆ ಬರೆಸುವಂತೆ ರೈತನಿಗೆ ನೆನಪು ಮಾಡುವುದೂ ಮಾರಾಟದ ಭಾಗವೇ ಹೊರತು ಉಪಕಾರವಲ್ಲ.

ಎಪ್ಪತ್ತೆರಡು ಗಂಟೆಗಳ ನಿಯಮದಲ್ಲಿ ಸೋಲುವವರೂ ಕಡಿಮೆಯಿಲ್ಲ. 2025ರ ಮುಂಗಾರಿನಲ್ಲಿ ಬೀದರ ಜಿಲ್ಲೆ ಕಂಡ ಅತಿವೃಷ್ಟಿಯಂಥ ಹೊತ್ತಿನಲ್ಲಿ, ಹಳ್ಳ ತುಂಬಿ ದಾರಿ ಕಟ್ಟಿ, ಕರೆಂಟಿಲ್ಲದೆ ಮೊಬೈಲು ಸತ್ತು, ಮನೆಯ ಗೋಡೆ ನೆನೆದು ನಿಂತವನು ಮೂರು ದಿನಗಳೊಳಗೆ ಕಂಪನಿಗೆ ಸುದ್ದಿ ಮುಟ್ಟಿಸುವುದೆಂದರೇನು! ನಿಯಮ ಮಾಡಿದವರು ಈ ದೃಶ್ಯವನ್ನು ಮನಸ್ಸಿಗೆ ತಂದುಕೊಂಡಿರಲಾರರು. ಕೊಯ್ದು ಹೊಲದಲ್ಲಿ ಒಣಗಲು ಹರಡಿದ ಬೆಳೆಗೆ ಹದಿನಾಲ್ಕು ದಿನಗಳವರೆಗೆ ಅಕಾಲ ಮಳೆಯ ರಕ್ಷಣೆಯಿದೆ. ಅಲ್ಲಿಯೂ ಇದೇ ಮೂರು ದಿನ. ರಾಷ್ಟ್ರಮಟ್ಟದ 14447 ಎಂಬ ಸಹಾಯವಾಣಿಯ ಸಂಖ್ಯೆಯನ್ನು ರಸೀದಿಯ ಬೆನ್ನ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಡುವ ಕಾರ್ಯದರ್ಶಿ, ಮಳೆ ನಿಂತ ಮರುದಿನ ತಾನೇ ಕಂತುದಾರರ ಪಟ್ಟಿ ಹಿಡಿದು ಒಬ್ಬೊಬ್ಬರಿಗೆ ಫೋನು ಮಾಡಿ “ತಿಳಿಸಿದ್ರೇನು?” ಎಂದು ಕೇಳಿದರೆ, ಮುಂದಿನ ವರ್ಷದ ಮಾರಾಟ ಆ ದಿನವೇ ಆದಂತೆ.

ಹೊರಗಿನಿಂದ ಬಂದು ಕಂತು ಪಡೆದು ಹೋಗುವವನಿಗಿಂತ ಸೊಸೈಟಿಯವನಿಗೆ ಇರುವ ಹೆಚ್ಚುಗಾರಿಕೆ ಇದೊಂದೇ: ಅವನು ಅಲ್ಲಿಯೇ ಇರುತ್ತಾನೆ, ಹಣ ಬಾರದಿದ್ದರೆ ಸಂತೆಯಲ್ಲಿ ಎದುರಾಗುತ್ತಾನೆ. ಬೀದರ ಜಿಲ್ಲಾ ಸಹಕಾರ ಬ್ಯಾಂಕು ಹಳ್ಳಿಯ ಸಹಕಾರ ಸಂಘಗಳ ಮೂಲಕವೇ ಸ್ವಸಹಾಯ ಗುಂಪುಗಳ ಹೆಂಗಸರಿಗೆ ಸಾಲ ಕೊಟ್ಟು ನಾಡಿನ ಗಮನ ಸೆಳೆದದ್ದೂ ಈ ಇರುವಿಕೆಯ ಬಲದಿಂದಲೇ. ಆದರೆ ಅವನಿಗೂ ಎಟುಕದ ಸಂಗತಿಗಳಿವೆ. ಕಂಪನಿ ತಡಮಾಡಿದರೆ, ಸರಕಾರದ ಪಾಲಿನ ಕಂತು ಹೊತ್ತಿಗೆ ಸಂದಾಯವಾಗದಿದ್ದರೆ, ಪರಿಹಾರ ಮುಂದಿನ ಬಿತ್ತನೆಯನ್ನೂ ದಾಟಿ ಹೋಗಬಹುದು. ಪಹಣಿಯಿಲ್ಲದ ಪಾಲುಗಾರನಿಗೆ ಹೊಲದೊಡೆಯ ಕರಾರಿನ ಕಾಗದ ಬರೆದುಕೊಡದಿದ್ದರೆ ವಿಮೆಯ ಬಾಗಿಲೇ ತೆರೆಯದು. ನೀರಾವರಿ ಗಟ್ಟಿಯಾಗಿದ್ದು, ಸುತ್ತಲಿನವರಿಗೂ ನೀರಿರುವ ಪಂಚಾಯಿತಿಯಲ್ಲಿ ಸರಾಸರಿ ಇಳಿಯುವುದೇ ಅಪರೂಪ. ಅಂಥಲ್ಲಿ ಕಂತು ಕಟ್ಟಲೇಬೇಕೆಂದು ಒತ್ತಾಯಿಸದೆ “ನಿಮ್ಮ ಇಷ್ಟರೀ, ನಿಮಗ ಇದರ ಉಪಯೋಗ ಕಡಿಮಿ” ಎಂದು ಹೇಳುವ ಧೈರ್ಯ ಮಾರುವವನಿಗೆ ಇರಬೇಕು.

ಕಟಾವು ಪ್ರಯೋಗದ ವಿಷಯದಲ್ಲಿ ಮಾತ್ರ ಊರಿನವರ ಕೈಯಲ್ಲಿ ಹೆಚ್ಚಿನ ಬಲವಿದೆ. ಯಾರ ಹೊಲ ಆಯ್ಕೆಯಾಗಿದೆಯೆಂಬುದನ್ನು ಕೃಷಿ ಇಲಾಖೆಯ ಅಥವಾ ಕಂದಾಯದ ಸಿಬ್ಬಂದಿಯಿಂದ ಮೊದಲೇ ತಿಳಿದುಕೊಂಡು, ರಾಶಿಯ ಅವಸರದಲ್ಲಿ ಆ ಹೊಲವನ್ನು ಯಂತ್ರದಿಂದ ಮುಂಚೆಯೇ ಕೊಯ್ದುಬಿಡದಂತೆ ಅದರ ಒಡೆಯನನ್ನು ಒಪ್ಪಿಸಿ, ಚೌಕ ಹಾಕುವ ಬೆಳಿಗ್ಗೆ ನಾಲ್ಕಾರು ಮಂದಿ ಕಂತುದಾರರನ್ನು ಕರೆದುಕೊಂಡು ಹೋಗಿ ನಿಲ್ಲಿಸಬೇಕು. ಹಗ್ಗ ಐದು ಮೀಟರೇ, ಚೌಕದ ಹೊರಗಿನ ಗಿಡ ಒಳಗೆ ಸೇರಿತೇ, ಕಾಳು ಹಸಿಯಾಗಿದ್ದರೆ ಒಣಗಿಸಿ ಮತ್ತೆ ತೂಗುವ ದಿನ ಯಾವುದು ಎಂಬುದನ್ನು ಅವರು ಅಲ್ಲಿಯೇ ಕೇಳಿ, ತೂಕವನ್ನು ತಮ್ಮ ಚೀಟಿಯಲ್ಲಿಯೂ ಬರೆದುಕೊಳ್ಳಬೇಕು. ನಾಲ್ಕು ಹೊಲಗಳ ನಾಲ್ಕು ಚೀಟಿಗಳನ್ನು ಸೊಸೈಟಿಯ ಗೋಡೆಗೆ ಅಂಟಿಸಿಟ್ಟರೆ, ಕೆಲವು ತಿಂಗಳ ಮೇಲೆ ಪ್ರಕಟವಾಗುವ ಇಳುವರಿಯ ಅಂಕಿಯನ್ನು ಅವುಗಳೊಡನೆ ಹೋಲಿಸಿ, ವ್ಯತ್ಯಾಸ ಕಂಡರೆ ಜಿಲ್ಲಾ ಮಟ್ಟದ ಸಮಿತಿಗೆ ಲಿಖಿತ ದೂರು ಕೊಡುವುದಕ್ಕೆ ಅವರ ಬಳಿ ಆಧಾರವಿರುತ್ತದೆ.